ತಮ್ಮ ಕಳಿಸಿದ ದುಡ್ಡು ಪುಸ್ತಕದಲ್ಲಿ ಎಲ್ಲಿ ಕೂರಬೇಕು?

ಪ್ರಶ್ನೆ: ಇಳಕಲ್ಲಿನಲ್ಲಿ ನನ್ನದೊಂದು ಸೀರೆ ಅಂಗಡಿ ಇದೆ, ನನ್ನ ಒಬ್ಬನ ಹೆಸರಿನಲ್ಲಿ. ಹೋದ ವರ್ಷ ಅಂಗಡಿ ದೊಡ್ಡದು ಮಾಡುವಾಗ ಶಾರ್ಜಾದಲ್ಲಿರುವ ತಮ್ಮ ಜೂನ್‌ನಲ್ಲಿ 4 ಲಕ್ಷ ಕಳಿಸಿದ. "ಅಣ್ಣಾ, ಇದು ನಿನಗ, ವಾಪಸ್ ಬ್ಯಾಡ" ಅಂದ. ದೀಪಾವಳಿ ಮಾಲಿಗೆ ಅಂತ ಅಕ್ಟೋಬರ್‌ನಲ್ಲಿ ಮತ್ತೆ 3 ಲಕ್ಷ ಕಳಿಸಿದ, "ಸಾವಕಾಶ ಕೊಡು" ಅಂದ. ಮಸ್ಕತ್‌ನಲ್ಲಿರುವ ಅಳಿಯ 2 ಲಕ್ಷ ಹಾಕಿದ, ಏನೂ ಹೇಳಲಿಲ್ಲ. ಎಲ್ಲಾ ಅಂಗಡಿಯ ಕರೆಂಟ್ ಖಾತೆಗೇ ಬಂತು. ಲೆಕ್ಕ ಬರೆಯುವ ಹುಡುಗ ಪೂರಾ 9 ಲಕ್ಷವನ್ನೂ ಬಂಡವಾಳಕ್ಕೆ ಹಾಕಿದ್ದಾನೆ. ಈಗ ಕ್ಯಾಶ್ ಕ್ರೆಡಿಟ್, ಅಂದರೆ ಸಿಸಿ ಸಾಲಕ್ಕೆ ಹೋದರೆ ಬ್ಯಾಂಕ್ ಮ್ಯಾನೇಜರ್ "ಈ ಬಂಡವಾಳ ಎಲ್ಲಿಂದ ಬಂತು?" ಅಂತ ಕೇಳುತ್ತಿದ್ದಾರೆ. ಇದು ಬಂಡವಾಳವೋ, ಸಾಲವೋ, ಉಡುಗೊರೆಯೋ?

ಉತ್ತರ: ನಿಮ್ಮ ಹುಡುಗ ಮೂರು ಬೇರೆ ಬೇರೆ ದುಡ್ಡನ್ನು ಒಂದೇ ಗಂಟು ಕಟ್ಟಿಬಿಟ್ಟಿದ್ದಾನೆ. ಮೊದಲು ಅದನ್ನು ಬಿಚ್ಚಬೇಕು. ಅದಕ್ಕೂ ಮುಂಚೆ ಒಂದು ಮಾತು ಸರಿಯಾಗಿ ತಿಳಿದುಕೊಳ್ಳಿ, ಯಾಕೆಂದರೆ ಬಾಗಲಕೋಟೆಯಲ್ಲಿ ನನ್ನ ಹತ್ತಿರ ಬರುವ ಹತ್ತು ಅಂಗಡಿಯವರಲ್ಲಿ ಎಂಟು ಜನ ಇಲ್ಲೇ ತಪ್ಪುತ್ತಾರೆ.

ಅಂಗಡಿ ನಿಮ್ಮ ಒಬ್ಬರದೇ. ಅಂಥ ಅಂಗಡಿಯ ಪುಸ್ತಕದಲ್ಲಿ ಬಂಡವಾಳ ಅಂದರೆ ನಿಮ್ಮ ದುಡ್ಡು, ಅಷ್ಟೇ. ತಮ್ಮನ ಬಂಡವಾಳ ಅನ್ನುವುದು ಅಲ್ಲಿ ಇರಲು ಸಾಧ್ಯವೇ ಇಲ್ಲ. ಹಾಗೆಯೇ ಉಡುಗೊರೆ ಅನ್ನುವ ತಲೆಬರಹವೂ ಅಂಗಡಿಯ ಪುಸ್ತಕಕ್ಕೆ ಸೇರಿದ್ದಲ್ಲ. ತಮ್ಮ ಉಡುಗೊರೆ ಕೊಡುವುದು ಅಣ್ಣನಿಗೆ, ಅಂಗಡಿಗಲ್ಲ. ಅಣ್ಣ ಅದನ್ನು ತೆಗೆದುಕೊಂಡು ತನ್ನ ಅಂಗಡಿಗೆ ಹಾಕಿದಾಗ ಅದು ಬಂಡವಾಳ. ಅಂದರೆ ಉಡುಗೊರೆ ಮತ್ತು ಬಂಡವಾಳ ಒಂದೇ ದುಡ್ಡಿನ ಎರಡು ಹೆಜ್ಜೆ. ನಿಜವಾಗಿ ನೀವು ತೀರ್ಮಾನ ಮಾಡಬೇಕಾದ್ದು ಒಂದೇ: ಈ ದುಡ್ಡು ವಾಪಸ್ ಕೊಡಬೇಕಾದ್ದಾ, ಅಲ್ವಾ? ವಾಪಸ್ ಕೊಡಬೇಕಾದ್ದಾದರೆ ಸಾಲ. ಕೊಡಬೇಕಿಲ್ಲವಾದರೆ ನಿಮಗೆ ಉಡುಗೊರೆ, ಅಂಗಡಿಗೆ ನಿಮ್ಮ ಬಂಡವಾಳ.

ಹಾಗಾದರೆ ಜೂನ್‌ನ 4 ಲಕ್ಷ ಸುಲಭ. "ವಾಪಸ್ ಬ್ಯಾಡ" ಅಂತ ತಮ್ಮ ಹೇಳಿದ್ದಾನೆ. ಅದು ಉಡುಗೊರೆ. ಒಡಹುಟ್ಟಿದವರು ಕೊಟ್ಟ ಉಡುಗೊರೆಗೆ ಆದಾಯ ತೆರಿಗೆ ಇಲ್ಲ, ಎಷ್ಟೇ ದೊಡ್ಡ ಮೊತ್ತವಾದರೂ ಇಲ್ಲ. ಅವನು ವಿದೇಶದಲ್ಲಿದ್ದಾನೆ ಅನ್ನುವುದರಿಂದ ಇದೇನೂ ಬದಲಾಗುವುದಿಲ್ಲ. ಪುಸ್ತಕದಲ್ಲಿ ಬಂಡವಾಳದ ಗುಂಪಿನಲ್ಲೇ ಇರಲಿ. ಆದರೆ ನಿಮ್ಮ ಹಳೆಯ ಬಂಡವಾಳದ ಜೊತೆ ಬೆರೆಸಬೇಡಿ. ಟ್ಯಾಲಿಯಲ್ಲಿ `Capital Account` ಅಡಿಯಲ್ಲೇ ಇನ್ನೊಂದು ಲೆಡ್ಜರ್ ತೆಗೆದು "ಬಂಡವಾಳ, ತಮ್ಮನಿಂದ ಬಂದ ಉಡುಗೊರೆ" ಅಂತ ಹೆಸರಿಡಿ. ಮ್ಯಾನೇಜರ್ ಆಗಲಿ, ತೆರಿಗೆ ಅಧಿಕಾರಿ ಆಗಲಿ ಕೇಳಿದಾಗ ಬೆರಳಿಟ್ಟು ತೋರಿಸಬಹುದು. ನಿಮ್ಮ ವೈಯಕ್ತಿಕ ರಿಟರ್ನ್‌ನಲ್ಲಿ ತೆರಿಗೆ ಇಲ್ಲದ ಆದಾಯದ ಜಾಗದಲ್ಲೂ ಇದನ್ನು ತೋರಿಸುವುದು ಒಳ್ಳೆಯದು.

ಮುಂದಿನ ಸಲ ಉಡುಗೊರೆ ಬರುವುದಿದ್ದರೆ ನಿಮ್ಮ ಉಳಿತಾಯ ಖಾತೆಗೆ ಹಾಕಿಸಿಕೊಳ್ಳಿ. ಅಲ್ಲಿಂದ ಅಂಗಡಿಯ ಕರೆಂಟ್ ಖಾತೆಗೆ ನೀವೇ ವರ್ಗ ಮಾಡಿ. ಆಗ ಎರಡು ಹೆಜ್ಜೆಯೂ ಬ್ಯಾಂಕ್ ಪಾಸ್‌ಬುಕ್ಕಿನಲ್ಲೇ ಕಾಣುತ್ತವೆ, ಯಾರಿಗೂ ವಿವರಿಸುವ ಕೆಲಸವೇ ಇರುವುದಿಲ್ಲ.

ಅಕ್ಟೋಬರ್‌ನ 3 ಲಕ್ಷ ಸಾಲ. "ಸಾವಕಾಶ ಕೊಡು" ಅಂದರೆ ಕೊಡು ಅಂತಲೇ ಅರ್ಥ. ಬಡ್ಡಿ ಇಲ್ಲ, ದಿನಾಂಕ ಇಲ್ಲ ಅಂದ ಮಾತ್ರಕ್ಕೆ ಅದು ಉಡುಗೊರೆ ಆಗುವುದಿಲ್ಲ. ಅದನ್ನು ಬಂಡವಾಳದಿಂದ ಹೊರಗೆ ತೆಗೆದು `Unsecured Loans` ಗುಂಪಿನಲ್ಲಿ ತಮ್ಮನ ಹೆಸರಿನ ಲೆಡ್ಜರ್‌ಗೆ ಹಾಕಿ. ಹೋದ ವರ್ಷದ ಲೆಕ್ಕ ಮುಗಿಸಿ ರಿಟರ್ನ್ ಹಾಕಿಯಾಗಿದ್ದರೆ ಹಳೆಯ ವರ್ಷವನ್ನು ತೆಗೆದು ತಿದ್ದಬೇಡಿ. ಈ ವರ್ಷ ಒಂದು ಜರ್ನಲ್ ಎಂಟ್ರಿ ಹಾಕಿ, ಬಂಡವಾಳ ಲೆಡ್ಜರ್‌ಗೆ ಡೆಬಿಟ್, ತಮ್ಮನ ಸಾಲದ ಲೆಡ್ಜರ್‌ಗೆ ಕ್ರೆಡಿಟ್. ಕೆಳಗೆ ವಿವರಣೆಯಲ್ಲಿ "ಅಕ್ಟೋಬರ್‌ನಲ್ಲಿ ಬಂದ ಸಾಲ ತಪ್ಪಿ ಬಂಡವಾಳಕ್ಕೆ ಹೋಗಿದ್ದನ್ನು ಸರಿಪಡಿಸಿದ್ದು" ಅಂತ ಬಿಚ್ಚಿ ಬರೆಯಿರಿ. ರಿಟರ್ನ್ ತಿದ್ದಿ ಹಾಕಲು ಇನ್ನೂ ಅವಧಿ ಇದ್ದರೆ ಅಲ್ಲೂ ಸರಿ ಮಾಡಿಸಿ. ಚಿಕ್ಕ ಅಂಗಡಿಯವರು ಹಾಕುವ ಐಟಿಆರ್-4ರಲ್ಲೂ ಸ್ವಂತ ಬಂಡವಾಳ ಎಷ್ಟು, ಆಧಾರ ಇಲ್ಲದ ಸಾಲ ಎಷ್ಟು ಅಂತ ಬೇರೆ ಬೇರೆ ಕಾಲಂ ಇವೆ. ಬ್ಯಾಂಕಿಗೆ ಕೊಟ್ಟ ಲೆಕ್ಕದಲ್ಲಿ ಒಂದು, ರಿಟರ್ನ್‌ನಲ್ಲಿ ಇನ್ನೊಂದು ಇದ್ದರೆ ಮ್ಯಾನೇಜರ್ ಮೊದಲು ಹಿಡಿಯುವುದು ಅದನ್ನೇ.

ಇನ್ನು ಅಳಿಯನ 2 ಲಕ್ಷ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಪದ ಇದೇ. ಯಾವ ಅಳಿಯ? ಅಕ್ಕತಂಗಿಯ ಮಗನೋ, ಮಗಳ ಗಂಡನೋ? ನಮ್ಮ ಮಾತಿನಲ್ಲಿ ಇಬ್ಬರೂ ಅಳಿಯಂದಿರೇ. ತೆರಿಗೆ ಕಾಯ್ದೆಗೆ ಇಬ್ಬರೂ ಒಂದಲ್ಲ.

ಯಾರಿಂದ ಬಂದ ಉಡುಗೊರೆಗೆ ತೆರಿಗೆ ಇಲ್ಲ ಅಂತ ಕಾಯ್ದೆಯಲ್ಲಿ ಸಂಬಂಧಿಕರ ಪಟ್ಟಿ ಇದೆ. ಗಂಡ ಹೆಂಡತಿ, ಒಡಹುಟ್ಟಿದವರು, ಹೆಂಡತಿಯ ಅಥವಾ ಗಂಡನ ಒಡಹುಟ್ಟಿದವರು, ತಂದೆ ತಾಯಿಯ ಒಡಹುಟ್ಟಿದವರು, ನಿಮ್ಮ ಮತ್ತು ನಿಮ್ಮ ಸಂಗಾತಿಯ ನೇರ ಹಿರಿಯರು ಹಾಗೂ ನೇರ ಸಂತಾನ, ಮತ್ತೆ ಇವರೆಲ್ಲರ ಗಂಡ ಅಥವಾ ಹೆಂಡತಿ. ಈ ಪಟ್ಟಿಯನ್ನು ಯಾವಾಗಲೂ ದುಡ್ಡು ತೆಗೆದುಕೊಂಡವನ ಕಡೆಯಿಂದ ಓದಬೇಕು. ಸೋದರಮಾವ ಅಳಿಯನಿಗೆ ಕೊಟ್ಟರೆ, ಅಳಿಯನ ಕಡೆಯಿಂದ ನೋಡಿದಾಗ ಮಾವ ಅಂದರೆ ತಾಯಿಯ ಅಣ್ಣನೋ ತಮ್ಮನೋ. ಪಟ್ಟಿಯಲ್ಲಿ ಇದ್ದಾನೆ, ತೆರಿಗೆ ಇಲ್ಲ. ಅದೇ ಅಳಿಯ ಮಾವನಿಗೆ ಕೊಟ್ಟರೆ, ಮಾವನ ಕಡೆಯಿಂದ ಅವನು ಅಕ್ಕನ ಮಗ. ಅಕ್ಕನ ಮಗ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಸೋದರಮಾವ ಮತ್ತು ಅಕ್ಕನ ಮಗನ ನಡುವೆ ಕೆಳಗೆ ಇಳಿಯುವ ದುಡ್ಡಿಗೆ ಇರುವ ವಿನಾಯಿತಿ ಮೇಲೆ ಏರುವ ದುಡ್ಡಿಗೆ ಇಲ್ಲ.

ಪಟ್ಟಿಯಲ್ಲಿ ಇಲ್ಲದವರಿಂದ ಒಂದು ವರ್ಷದಲ್ಲಿ ಬಂದ ಉಡುಗೊರೆ ಎಲ್ಲಾ ಸೇರಿ 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತ ನಿಮ್ಮ ಆದಾಯ. 50,000 ಬಿಟ್ಟು ಉಳಿದದ್ದಕ್ಕೆ ಅಂತ ತುಂಬಾ ಜನ ತಿಳಿದಿದ್ದಾರೆ, ಹಾಗಲ್ಲ. ಇಲ್ಲಿ 2 ಲಕ್ಷಕ್ಕೆ 2 ಲಕ್ಷವೂ ನಿಮ್ಮ ರಿಟರ್ನ್‌ನಲ್ಲಿ ಇತರ ಮೂಲಗಳ ಆದಾಯಕ್ಕೆ ಸೇರುತ್ತದೆ. ಅಂಗಡಿಯ ಲಾಭಕ್ಕೆ ಸೇರಿಸಬಾರದು.

ಆದರೆ ನಮ್ಮ ಕಡೆ ಅಕ್ಕನ ಮಗನಿಗೇ ಮಗಳನ್ನು ಕೊಡುವುದು ಹೊಸದೇನಲ್ಲ. ದುಡ್ಡು ಬಂದ ದಿನಕ್ಕೆ ಮೊದಲೇ ಅವನು ನಿಮ್ಮ ಮಗಳನ್ನು ಮದುವೆ ಆಗಿದ್ದರೆ ಅವನು ನಿಮ್ಮ ನೇರ ಸಂತಾನದ ಗಂಡ. ಪಟ್ಟಿಯಲ್ಲಿ ಬಂದ. ಆಗ ಅದೇ 2 ಲಕ್ಷಕ್ಕೆ ಒಂದು ರೂಪಾಯಿ ತೆರಿಗೆ ಇಲ್ಲ. ಲೆಕ್ಕ ಬರೆಯುವ ಹುಡುಗನಿಗೆ ಬರೀ "ಅಳಿಯ" ಅಂತ ಹೇಳಿ ಕಳಿಸಿದರೆ ಅವನು ಯಾವ ಕಡೆ ಬರೆಯಬೇಕು ಹೇಳಿ? ಲೆಡ್ಜರ್ ಹೆಸರಿನಲ್ಲೇ "ಅಕ್ಕನ ಮಗ" ಅಥವಾ "ಮಗಳ ಗಂಡ" ಅಂತ ಬರೆಸಿ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ವಿಷಯವೂ ಹೀಗೆಯೇ. ನಾವು ಅಣ್ಣತಮ್ಮ ಅಂತ ಕರೆಯುತ್ತೇವೆ, ಕಾಯ್ದೆಯ ಪಟ್ಟಿಯಲ್ಲಿ ಅವರಿಗೆ ಜಾಗ ಇಲ್ಲ.

ಇಲ್ಲಿ ಸೆಕ್ಷನ್ ನಂಬರ್ ಬರೆದಿಲ್ಲ ಅಂತ ಕೆಲವರು ಕೇಳಬಹುದು. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಕಾಯ್ದೆ ಜಾರಿ, ನಂಬರುಗಳೆಲ್ಲ ಬೇರೆ. ನಿಮ್ಮ ಆಡಿಟರ್‌ಗೆ ವಿಷಯ ಹೇಳಿದರೆ ಸಾಕು.

ಅಳಿಯ ಏನೂ ಹೇಳಿಲ್ಲ ಅಂದಿರಿ. ಹಾಗಾದರೆ ಇವತ್ತೇ ಫೋನ್ ಮಾಡಿ ಕೇಳಿ. ಅವನ ಉತ್ತರ ಬರುವ ತನಕ ಆ ದುಡ್ಡನ್ನು ಅವನ ಹೆಸರಿನ ಸಾಲದ ಲೆಡ್ಜರ್‌ನಲ್ಲಿ ಇಡಿ. `Suspense A/c`ಗೆ ಹಾಕಬೇಡಿ. ಯಾರ ದುಡ್ಡು ಅಂತ ಗೊತ್ತಿದ್ದೂ ಅನಾಮತ್ತಾಗಿ ಇಟ್ಟರೆ ನೋಡುವವರಿಗೆ ಅನುಮಾನ ಬರುತ್ತದೆ. ಬಂಡವಾಳಕ್ಕಂತೂ ಹಾಕಲೇಬೇಡಿ. ಸಾಲ ಅಂತ ಬರೆದದ್ದನ್ನು ಕೊಟ್ಟವನು ಮುಂದೊಂದು ದಿನ ಬಿಟ್ಟುಕೊಡಬಹುದು, ಆಗ ಉಡುಗೊರೆ ಆಗುತ್ತದೆ. ಉಡುಗೊರೆ ಅಂತ ಒಮ್ಮೆ ಬರೆದದ್ದನ್ನು ಮತ್ತೆ ಸಾಲ ಮಾಡಲು ಬರುವುದಿಲ್ಲ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಿಜಯಪುರದ ಕಡೆಯ ಒಂದು ಹಾರ್ಡ್‌ವೇರ್ ಅಂಗಡಿ. ತಮ್ಮ ಕುವೈತ್‌ನಿಂದ ವರ್ಷಗಟ್ಟಲೆ ಕಳಿಸಿದ ದುಡ್ಡಿಗೆ "ತೆರಿಗೆ ತಕರಾರು ಬ್ಯಾಡ" ಅಂತ ಪ್ರತಿ ವರ್ಷ ಉಡುಗೊರೆ ಪತ್ರ ಬರೆಸಿ ಇಟ್ಟಿದ್ದರು. ಆಗ ಆ ಲೆಕ್ಕ ನನ್ನ ಹತ್ತಿರ ಇರಲಿಲ್ಲ. ತಮ್ಮ ಕೆಲಸ ಬಿಟ್ಟು ಊರಿಗೆ ಬಂದ, ಮನೆ ಕಟ್ಟಬೇಕು ಅಂದ, ತನ್ನ ದುಡ್ಡು ಕೇಳಿದ. ಅಷ್ಟರಲ್ಲಿ ಅಣ್ಣ ತೀರಿಕೊಂಡಿದ್ದರು. ಅತ್ತಿಗೆ ಮುಂದೆ ಇಟ್ಟದ್ದು ಅವನೇ ಸಹಿ ಮಾಡಿದ ಉಡುಗೊರೆ ಪತ್ರಗಳನ್ನು. ಅವರಲ್ಲಿ ಯಾರೂ ಕೆಟ್ಟವರಲ್ಲ. ಅಣ್ಣತಮ್ಮರ ನಡುವಿನ ಮಾತು ಏನಿತ್ತು ಅಂತ ಅತ್ತಿಗೆಗೆ ಗೊತ್ತಿರಲಿಲ್ಲ, ಪುಸ್ತಕದಲ್ಲಿ ಮಾತ್ರ ಉಡುಗೊರೆ ಅಂತ ಇತ್ತು. ಆ ತಮ್ಮ ನನ್ನ ಎದುರು ಆ ಕಾಗದಗಳನ್ನು ಒಂದೊಂದಾಗಿ ಮಡಚಿ ಮತ್ತೆ ಬಿಚ್ಚಿ ಕೂತಿದ್ದು ಇನ್ನೂ ನೆನಪಿದೆ.

ಆದರೆ ಒಂದು ಎಚ್ಚರ. ಅಳಿಯ ಅಕ್ಕನ ಮಗನಾಗಿದ್ದು, ಅವನು "ಮಾಮಾ, ಸುಮ್ನೆ ಇಟ್ಕೋ" ಅಂದರೆ ಅದು ಉಡುಗೊರೆಯೇ. ತೆರಿಗೆ ತಪ್ಪಿಸಲು ಅದನ್ನು ಸಾಲ ಅಂತ ಬರೆಯಬೇಡಿ. ಐದು ವರ್ಷ ಆದರೂ ಒಂದು ಪೈಸೆ ವಾಪಸ್ ಹೋಗದ, ಪತ್ರವೂ ಇಲ್ಲದ ಸಾಲವನ್ನು ಅಧಿಕಾರಿ ಸಾಲ ಅಂತ ಒಪ್ಪುವುದಿಲ್ಲ. ಅಕ್ಕನ ಮೂಲಕ ಸುತ್ತಿಸಿ ತಂದಂತೆ ಈಗ ಕಾಗದ ಮಾಡಿಸುವುದೂ ಬೇಡ. ಬ್ಯಾಂಕ್ ದಾಖಲೆಯಲ್ಲಿ ದುಡ್ಡು ನೇರ ಅವನಿಂದಲೇ ಬಂದಿದೆ.

ಈಗ ಕಾಗದದ ವಿಷಯ. ನಿಮ್ಮ ಪುಸ್ತಕದಲ್ಲಿ ಕಾಣುವ ಯಾವ ಜಮಾ ಮೊತ್ತಕ್ಕಾದರೂ ಅಧಿಕಾರಿ ಮೂರು ಕೇಳಬಹುದು: ಕೊಟ್ಟವನು ಯಾರು, ಅವನಿಗೆ ಅಷ್ಟು ಕೊಡುವ ಶಕ್ತಿ ಇತ್ತಾ, ದುಡ್ಡು ನಿಜವಾಗಿ ಅವನಿಂದಲೇ ಬಂತಾ. ಮೂರಕ್ಕೂ ಉತ್ತರ ಕೊಡಲು ಆಗದಿದ್ದರೆ ಅದನ್ನು ಮೂಲ ಗೊತ್ತಿಲ್ಲದ ಆದಾಯ ಅಂತ ಹಿಡಿದು, ಮಾಮೂಲಿ ಸ್ಲ್ಯಾಬ್ ಬಿಟ್ಟು ಬೇರೆಯೇ ದರದಲ್ಲಿ ತೆರಿಗೆ ಹಾಕುತ್ತಾರೆ. ಆದ್ದರಿಂದ ತಮ್ಮನ ಮತ್ತು ಅಳಿಯನ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ, ಆ ತಿಂಗಳುಗಳ ಸಂಬಳದ ಚೀಟಿ ಅಥವಾ ಅಲ್ಲಿಯ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿಕೊಳ್ಳಿ. ನಿಮ್ಮ ಬ್ಯಾಂಕಿನಿಂದ ಪ್ರತಿ ಮೊತ್ತಕ್ಕೂ ವಿದೇಶದಿಂದ ಹಣ ಬಂದ ಬಗ್ಗೆ ಸಲಹಾ ಪತ್ರ ಕೇಳಿ ತೆಗೆದುಕೊಳ್ಳಿ.

ಆ ಸಲಹಾ ಪತ್ರದಲ್ಲಿ ಒಂದು ಪುಟ್ಟ ಜಾಗ ನೋಡಿ. ಉದ್ದೇಶದ ಕೋಡ್ ಅಂತ ಇರುತ್ತದೆ. `P1301` ಇದ್ದರೆ ಮನೆಯವರ ಖರ್ಚಿಗೆ ಮತ್ತು ಉಳಿತಾಯಕ್ಕೆ ಕಳಿಸಿದ್ದು. `P1302` ಇದ್ದರೆ ವೈಯಕ್ತಿಕ ಉಡುಗೊರೆ. ಕಳಿಸುವಾಗ ಆ್ಯಪ್‌ನಲ್ಲಿ ಅವಸರಕ್ಕೆ ಯಾವುದೋ ಒಂದನ್ನು ಒತ್ತಿರುತ್ತಾರೆ. ನಿಮ್ಮ 3 ಲಕ್ಷದ ಕಾಗದದಲ್ಲಿ `P1302` ಅಂತ ಇದ್ದು, ಪುಸ್ತಕದಲ್ಲಿ ಸಾಲ ಅಂತ ಇದ್ದರೆ ಎರಡೂ ಒಂದಕ್ಕೊಂದು ವಿರುದ್ಧ ಮಾತಾಡುತ್ತವೆ. ಅದರಿಂದಲೇ ಎಲ್ಲ ಕೆಟ್ಟಿತು ಅಂತಲ್ಲ. ಆದರೆ ಅಕ್ಟೋಬರ್‌ನಲ್ಲಿ ನೀವಿಬ್ಬರೂ ಮಾತಾಡಿದ ವಾಟ್ಸಾಪ್ ಸಂದೇಶ ಆಗ ಬೆಲೆ ಬಾಳುತ್ತದೆ. ಆ ದಿನವೇ ಬರೆದದ್ದು ತಾನೇ? "ಸಾವಕಾಶ ಕೊಡು" ಅನ್ನುವ ಆ ಸಂದೇಶ ದಿನಾಂಕದ ಸಮೇತ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿ ಫೈಲಿಗೆ ಸೇರಿಸಿ.

ತಮ್ಮನಿಂದ ಎರಡು ಬೇರೆ ಪತ್ರ ಬರೆಸಿಕೊಳ್ಳಿ. ಒಂದರಲ್ಲಿ, ಜೂನ್‌ನ ಇಂಥ ತಾರೀಖು ಇಂಥ ಖಾತೆಯಿಂದ 4 ಲಕ್ಷ ಕಳಿಸಿದ್ದೇನೆ, ಪ್ರೀತಿಯಿಂದ ಕೊಟ್ಟದ್ದು, ವಾಪಸ್ ಕೇಳುವುದಿಲ್ಲ ಅಂತ. ಇನ್ನೊಂದರಲ್ಲಿ, ಅಕ್ಟೋಬರ್‌ನ 3 ಲಕ್ಷ ಸಾಲ, ಬಡ್ಡಿ ಇಲ್ಲ, ಇಷ್ಟು ವರ್ಷದೊಳಗೆ ವಾಪಸ್ ಅಂತ. ಪತ್ರಕ್ಕೆ ಇವತ್ತಿನ ತಾರೀಖೇ ಹಾಕಿಸಿ. ಹಿಂದಿನ ತಾರೀಖು ಹಾಕಿ ಹಳೆಯ ಸ್ಟ್ಯಾಂಪ್ ಪೇಪರ್ ಹುಡುಕುವ ಕೆಲಸಕ್ಕೆ ದಯವಿಟ್ಟು ಹೋಗಬೇಡಿ. "ಆ ದಿನ ನಡೆದ ಮಾತನ್ನು ಈಗ ಬರೆದು ಖಚಿತಪಡಿಸುತ್ತಿದ್ದೇನೆ" ಅಂದರೆ ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ದುಡ್ಡಿನ ಉಡುಗೊರೆಗೆ ರಿಜಿಸ್ಟ್ರಿ ಬೇಕಿಲ್ಲ.

ಸಾಲದ ಪತ್ರಕ್ಕೆ ಇನ್ನೊಂದು ಕೆಲಸ ಇದೆ. ಸಾಲ ವಸೂಲಿಗೆ ಕಾನೂನಿನಲ್ಲಿ ಸಾಮಾನ್ಯವಾಗಿ 3 ವರ್ಷದ ಅವಧಿ. ಆ ಅವಧಿ ಮುಗಿಯುವ ಮುಂಚೆ ನೀವು "ಇಷ್ಟು ಬಾಕಿ ಇದೆ" ಅಂತ ಬರೆದು ಸಹಿ ಮಾಡಿಕೊಟ್ಟರೆ ಅಲ್ಲಿಂದ ಹೊಸದಾಗಿ ಎಣಿಕೆ ಶುರು. ಪ್ರತಿ ಮಾರ್ಚ್ 31ಕ್ಕೆ ಬಾಕಿಯ ಒಂದು ಪತ್ರ ಬರೆದು, ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ. ಐದು ನಿಮಿಷದ ಕೆಲಸ.

ವಿದೇಶದಲ್ಲಿ ಇರುವವರಿಂದ ಸಾಲ ತೆಗೆದುಕೊಳ್ಳುವುದು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ ಅಡಿಯಲ್ಲೂ ಬರುತ್ತದೆ. ತೆಗೆದುಕೊಳ್ಳಬಹುದು, ಆದರೆ ಅದಕ್ಕೆ ರಿಸರ್ವ್ ಬ್ಯಾಂಕಿನ ಷರತ್ತುಗಳಿವೆ. ಅವು ಆಗಾಗ ಬದಲಾಗುತ್ತವೆ. ತೀರಿಸುವ ಮುಂಚೆ ನಿಮ್ಮ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೇಳಿ, ತಮ್ಮನ ಯಾವ ಖಾತೆಗೆ ಕಟ್ಟಬೇಕು ಅಂತ ತಿಳಿದುಕೊಂಡೇ ಕಟ್ಟಿ. ಅವನು ದೀಪಾವಳಿಗೆ ಊರಿಗೆ ಬಂದಾಗ ಕೈಯಲ್ಲಿ ನಗದು ಎಣಿಸಿ ಕೊಡುವುದಂತೂ ಬೇಡ. 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಿನಲ್ಲಿ ತೆಗೆದುಕೊಳ್ಳುವುದೂ ತೀರಿಸುವುದೂ ಆದಾಯ ತೆರಿಗೆ ಕಾಯ್ದೆಗೆ ವಿರುದ್ಧ. ದಂಡ ಆ ಮೊತ್ತದಷ್ಟೇ ಬೀಳಬಹುದು.

ಬಡ್ಡಿ ಕೊಡುವ ಯೋಚನೆ ಇದ್ದರೆ ನಾನು ಬೇಡ ಅನ್ನುತ್ತೇನೆ. ವಿದೇಶದಲ್ಲಿ ಇರುವವರಿಗೆ ಬಡ್ಡಿ ಕೊಡುವಾಗ ಚಿಕ್ಕ ಅಂಗಡಿಯವರೂ ಟಿಡಿಎಸ್ ಕಡಿಯಬೇಕು, ಟ್ಯಾನ್ ನಂಬರ್ ಮಾಡಿಸಬೇಕು, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬೇಕು. ಅದು ತಪ್ಪಿದರೆ ಆ ಬಡ್ಡಿ ನಿಮ್ಮ ಖರ್ಚಾಗಿಯೂ ನಿಲ್ಲುವುದಿಲ್ಲ. 3 ಲಕ್ಷದ ಸಾಲಕ್ಕೆ ಇಷ್ಟು ತಾಪತ್ರಯ ಯಾಕೆ?

ಮುಂದೆ ತಮ್ಮ "ಆ 3 ಲಕ್ಷವೂ ಇರ್ಲಿ ಬಿಡು" ಅಂದರೆ, ಅದಕ್ಕೊಂದು ಪತ್ರ ತೆಗೆದುಕೊಂಡು ಆ ತಾರೀಖಿಗೆ ಸಾಲದಿಂದ ಬಂಡವಾಳಕ್ಕೆ ವರ್ಗ ಮಾಡಿ. ಒಡಹುಟ್ಟಿದವನು ಬಿಟ್ಟುಕೊಟ್ಟ ಅಸಲು, ಉಡುಗೊರೆಯ ಹಾಗೆಯೇ. "ನನಗೂ ಅಂಗಡಿಯಲ್ಲಿ ಪಾಲು ಬೇಕು" ಅಂದರೆ ಮಾತ್ರ ದಾರಿಯೇ ಬೇರೆ. ಆಗ ಪಾಲುದಾರಿಕೆ ಪತ್ರ ಆಗಬೇಕು, ಸಂಸ್ಥೆಗೆ ಹೊಸ ಪ್ಯಾನ್, ಹೊಸ ಜಿಎಸ್‌ಟಿ ನೋಂದಣಿ ಬೇಕು. ಆಗ ಅವನು ಹಾಕಿದ್ದು ನಿಜಕ್ಕೂ ಅವನ ಬಂಡವಾಳ ಆಗುತ್ತದೆ. ವಿದೇಶದಲ್ಲಿ ಇರುವ ಭಾರತೀಯರು ಇಂಥ ಸಂಸ್ಥೆಗೆ ಬಂಡವಾಳ ಹಾಕಲು ಅವಕಾಶ ಇದೆ, ಆ ದುಡ್ಡನ್ನು ಹೊರದೇಶಕ್ಕೆ ವಾಪಸ್ ಒಯ್ಯುವ ಹಕ್ಕಿಲ್ಲದೆ. ಕೃಷಿ, ರಿಯಲ್ ಎಸ್ಟೇಟ್, ಪತ್ರಿಕಾ ವ್ಯವಹಾರಕ್ಕೆ ಈ ಅವಕಾಶ ಇಲ್ಲ, ಸೀರೆ ವ್ಯಾಪಾರಕ್ಕೆ ಅಡ್ಡಿ ಇಲ್ಲ.

ಮ್ಯಾನೇಜರ್ ಮುಂದೆ ಹೇಗೆ ಇಡುವುದು ಅಂತ ಕೊನೆಗೆ ಹೇಳುತ್ತೇನೆ. ನಿಮ್ಮ ಹಳೆಯ ಬಂಡವಾಳ 6 ಲಕ್ಷ ಇತ್ತು ಅಂತ ಇಟ್ಟುಕೊಳ್ಳಿ. ಈಗಿನ ಪುಸ್ತಕದಲ್ಲಿ ಅದು 15 ಲಕ್ಷ ಕಾಣುತ್ತದೆ. ಸರಿ ಮಾಡಿದ ಮೇಲೆ ನಿಮ್ಮ ಬಂಡವಾಳ 10 ಲಕ್ಷ, ತಮ್ಮನ ಸಾಲ 3 ಲಕ್ಷ, ಅಳಿಯ ಹೇಳುವ ತನಕ ಅವನ ಹೆಸರಿನಲ್ಲಿ 2 ಲಕ್ಷ. ಬಂಡವಾಳ ಕಡಿಮೆ ಕಂಡರೆ ಸಿಸಿ ಸಿಗುವುದಿಲ್ಲ ಅಂತ ಹೆದರಬೇಡಿ. ಮನೆಯವರ ಸಾಲವನ್ನು ಸಿಸಿ ಇರುವ ತನಕ ವಾಪಸ್ ತೆಗೆಯುವುದಿಲ್ಲ ಅಂತ ಮುಚ್ಚಳಿಕೆ ಬರೆದುಕೊಟ್ಟರೆ ಎಷ್ಟೋ ಬ್ಯಾಂಕುಗಳು ಅದನ್ನು ಬಂಡವಾಳದ ಸಾಲಿನಲ್ಲೇ ಎಣಿಸುತ್ತವೆ. ಆದರೆ ಆ ಮುಚ್ಚಳಿಕೆಗೆ ಸಹಿ ಹಾಕುವ ಮುಂಚೆ ತಮ್ಮನನ್ನು ಕೇಳಿ. ಮುಂದಿನ ವರ್ಷ ಮನೆ ಕಟ್ಟಲು ಅವನಿಗೆ ಆ 3 ಲಕ್ಷ ಬೇಕಾಗಿದ್ದರೆ, ನೀವು ಬ್ಯಾಂಕಿಗೆ ಕೊಟ್ಟ ಮಾತು ಅವನ ದುಡ್ಡನ್ನು ಕಟ್ಟಿಹಾಕುತ್ತದೆ. ಹಾಗಿದ್ದರೆ ಅದನ್ನು ಮುಚ್ಚಳಿಕೆಯಿಂದ ಹೊರಗಿಟ್ಟು, 10 ಲಕ್ಷದ ಬಂಡವಾಳದ ಮೇಲೆ ಎಷ್ಟು ಸಿಸಿ ಬರುತ್ತದೋ ಅಷ್ಟನ್ನೇ ಕೇಳಿ.